ಹಳೆಯ ಸೋಫಾದ ಬೆಲೆ ಇಳಿಸಿ ಎಂದು ಕೇಳುವಾಗ ಯಾವ ಕಾರಣ ನಿಲ್ಲುತ್ತದೆ?

ಪ್ರಶ್ನೆ: ನಾವು ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದೇವೆ. ಟಿಳಕವಾಡಿಯ ನಿವೃತ್ತ ಶಿಕ್ಷಕರೊಬ್ಬರು ಮಗನ ಊರಿಗೆ ಹೋಗಲಿರುವುದರಿಂದ ಒಂಬತ್ತು ವರ್ಷದ ಸಾಗವಾನಿ ಸೋಫಾ ಮಾರುತ್ತಿದ್ದಾರೆ. ಮೂರು ಸೀಟಿನದು ಒಂದು, ಒಂಟಿ ಸೀಟಿನವು ಎರಡು. 18,000 ರೂಪಾಯಿ ಹೇಳಿದ್ದಾರೆ. ಹೋಗಿ ನೋಡಿದೆ: ಬಟ್ಟೆ ಮಾಸಿದೆ, ನಡುವಿನ ಸೀಟು ಕುಸಿದಿದೆ, ಒಂದು ಕಾಲು ಅಲುಗಾಡುತ್ತದೆ. 14,000ಕ್ಕೆ ಕೊಡಿ ಎಂದು ವಾಟ್ಸಾಪ್‌ನಲ್ಲಿ ಬರೆಯಬೇಕೆಂದಿದ್ದೇನೆ. ಅವರು ದೊಡ್ಡವರು, ಬೇಸರವಾಗಬಾರದು. ಯಾವ ಕಾರಣ ಬರೆಯಲಿ, ಹೇಗೆ ಬರೆಯಲಿ?

ಉತ್ತರ: ನೀವು ಹೇಳಿದ ಮೂರು ಕಾರಣಗಳಲ್ಲಿ ಬಟ್ಟೆಯದನ್ನು ಮೊದಲು ಕೈಬಿಡಿ. ಬಟ್ಟೆ ಮಾಸಿರುವುದು ಮಾರುವವರಿಗೆ ದಿನವೂ ಕಣ್ಣಿಗೆ ಬೀಳುವ ಸಂಗತಿ. ಹೊಸದಕ್ಕೆ ಕೊಟ್ಟ ಹಣವನ್ನು ನೆನೆದು, ಒಂಬತ್ತು ವರ್ಷ ಕಳೆದು, ಬಣ್ಣ ಹೋದ ಬಟ್ಟೆಯನ್ನೂ ಕಳೆದೇ ಅವರು 18,000ಕ್ಕೆ ಬಂದು ನಿಂತಿದ್ದಾರೆ. ಅದನ್ನೇ ನೀವು ಮತ್ತೆ ಎತ್ತಿದರೆ ಒಂದೇ ದೋಷಕ್ಕೆ ಎರಡು ಸಲ ಬೆಲೆ ಕಡಿಮೆ ಮಾಡಿಸಿದಂತಾಗುತ್ತದೆ, ಮತ್ತು ನಲವತ್ತು ಮಕ್ಕಳ ಲೆಕ್ಕದ ಪಟ್ಟಿ ತಿದ್ದಿ ಬಂದವರಿಗೆ ಅದು ತಟ್ಟನೆ ಹೊಳೆಯುತ್ತದೆ. ಸೋಫಾದ ವಯಸ್ಸೂ ಹಾಗೆಯೇ. ಅದೂ ಬೆಲೆಯೊಳಗೆ ಸೇರಿಹೋಗಿದೆ. ಸಂದೇಶದಲ್ಲಿ ನಿಲ್ಲುವ ಕಾರಣವೆಂದರೆ ಬೆಲೆ ಹೇಳಿದ ಹೊತ್ತಿನಲ್ಲಿ ಅವರ ಗಮನದಲ್ಲಿ ಇಲ್ಲದ, ನೀವು ಕುಳಿತು ನೋಡಿದ ಮೇಲೆ ಹೊರಬಿದ್ದ, ಮನೆಗೆ ತಂದ ಮೇಲೆ ನಿಮ್ಮ ಜೇಬಿನಿಂದ ಹಣ ಕೀಳುವ ದೋಷ ಮಾತ್ರ. ಕುಸಿದ ಸೀಟು ಅಂಥದ್ದು. ಅಲುಗಾಡುವ ಕಾಲೂ ಅಂಥದ್ದೇ, ಆದರೆ ಅದು ಚಿಕ್ಕದು.

ಆದರೆ "ನಡುವಿನ ಸೀಟು ಕುಸಿದಿದೆ" ಎಂಬಷ್ಟೇ ಮಾತು ಇನ್ನೂ ಕಾರಣವಾಗುವುದಿಲ್ಲ. ಏಕೆ ಕುಸಿದಿದೆ ಎಂಬುದು ತಿಳಿದರೆ ಮಾತ್ರ ಎಷ್ಟು ಖರ್ಚು ಎಂಬುದು ತಿಳಿಯುತ್ತದೆ. ಆದ್ದರಿಂದ ಬರೆಯುವ ಮೊದಲು ಫೋನ್ ಮಾಡಿ, "ಇನ್ನೊಮ್ಮೆ ಹತ್ತು ನಿಮಿಷ ನೋಡಿ ಹೋಗಬಹುದೇ" ಎಂದು ಕೇಳಿ ಹೋಗಿ ಬನ್ನಿ, ಮತ್ತು ಅವರ ಎದುರಿನಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಿ. ನಡುವಿನ ಕುಶನ್ ಎತ್ತಿ ಪಕ್ಕದ ಸೀಟಿಗೆ ಹಾಕಿ, ಪಕ್ಕದ್ದನ್ನು ನಡುವೆ ಹಾಕಿ, ಎರಡರ ಮೇಲೂ ಕುಳಿತು ನೋಡಿ. ಕುಸಿತವು ಕುಶನ್ ಜೊತೆ ಪಕ್ಕಕ್ಕೆ ಬಂದರೆ ದೋಷ ಫೋಮಿನದು. ಕುಶನ್ ಬದಲಾದರೂ ನಡುವೆಯೇ ತಗ್ಗು ಉಳಿದರೆ ದೋಷ ಕೆಳಗಿನ ಬೆಲ್ಟ್‌ಗಳದು. ಸೀಟಿನ ಚೌಕಟ್ಟಿನಲ್ಲಿ ಅಡ್ಡ ಉದ್ದ ಹೆಣೆದಿರುವ ರಬ್ಬರ್ ಎಳೆಗಳ ಪಟ್ಟಿಗಳನ್ನು ನಾವು ಬೆಲ್ಟ್ ಎನ್ನುತ್ತೇವೆ. ವರ್ಷಗಳು ಕಳೆದಂತೆ ರಬ್ಬರಿನ ಬಿಗಿ ಹೋಗಿ ಅವು ಜೋತುಬೀಳುತ್ತವೆ, ಅಥವಾ ಅಂಚಿನಲ್ಲಿ ಹೊಡೆದ ಪಿನ್ನುಗಳು ಕಿತ್ತು ಬರುತ್ತವೆ. ಅಂಗೈಯಿಂದ ಒತ್ತಿದರೆ ಗಟ್ಟಿ ಬೆಲ್ಟು ತಿರುಗಿ ತಳ್ಳುತ್ತದೆ, ಸಡಿಲಾದದ್ದು ಕೈಯ ಜೊತೆ ಕೆಳಗಿಳಿದು ಅಲ್ಲಿಯೇ ಉಳಿಯುತ್ತದೆ.

ಮೂರನೆಯ ಸಾಧ್ಯತೆಯೊಂದಿದೆ, ಅದು ಭಾರಿಯಾದದ್ದು. ಸೀಟಿನ ಮುಂಭಾಗದ ಉದ್ದನೆಯ ಕಟ್ಟಿಗೆಯ ಪಟ್ಟಿಗೆ ನಡುವೆ ಕಾಲಿನ ಆಸರೆ ಇಲ್ಲದಿದ್ದರೆ ಆ ಕಟ್ಟಿಗೆಯೇ ಬಾಗಿರಬಹುದು. ಒಂದು ದಾರವನ್ನು ಆ ಪಟ್ಟಿಯ ಮೇಲಂಚಿನ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿಯಿರಿ. ನಡುವೆ ದಾರಕ್ಕೂ ಕಟ್ಟಿಗೆಗೂ ಬೆರಳು ತೂರುವಷ್ಟು ಸಂದು ಕಂಡರೆ ಇದು ಕುಶನ್ ಕೆಲಸದವರ ಕೈಯಲ್ಲಿ ಮುಗಿಯುವ ಕೆಲಸವಲ್ಲ, ಬಡಿಗರನ್ನು ಕರೆಯಬೇಕಾಗುತ್ತದೆ, ಮತ್ತು ಆಗ ಬೆಲೆಯ ಮಾತೇ ಬೇರೆಯಾಗುತ್ತದೆ. ನೇರವಾಗಿದ್ದರೆ ನಿಶ್ಚಿಂತರಾಗಿ ಮುಂದೆ ಹೋಗಿ.

ಅವರ ಎದುರಿನಲ್ಲೇ ಮಾಡಿ ಎಂದು ಹೇಳಿದ್ದಕ್ಕೆ ಅರ್ಥವಿದೆ. ಕುಶನ್ ಅದಲುಬದಲು ಮಾಡಿದಾಗ ಅವರೂ ಕುಳಿತು ನೋಡುತ್ತಾರೆ, "ಹೌದಲ್ರೀ, ಇದು ನಮ್ಮ ಗಮನಕ್ಕ ಬಂದಿದ್ದಿಲ್ಲ" ಎಂದು ತಾವೇ ಹೇಳುತ್ತಾರೆ. ಸಂಜೆ ನಿಮ್ಮ ಸಂದೇಶ ಓದುವಾಗ ಅದು ಅವರು ಈಗಾಗಲೇ ಒಪ್ಪಿದ ಸಂಗತಿಯಾಗಿರುತ್ತದೆ. ನಾನು ಈ ಕುಶನ್ ಕೆಲಸದ ಕಸುಬಿಗೆ ಬಂದ ಹೊಸತರಲ್ಲಿ ವಿಜಯಪುರದ ಒಬ್ಬರ ಮನೆಯ ಸೋಫಾ ನೋಡಿ ಬಂದು, ಕಾಲಿನ ಬಳಿ ಕಂಡ ನಾಲ್ಕಾರು ಸಣ್ಣ ತೂತುಗಳನ್ನು ಆಧಾರ ಮಾಡಿಕೊಂಡು "ನುಸಿ ಹಿಡಿದಿದೆ, ಅರ್ಧ ಬೆಲೆಗೆ ಕೊಡಿ" ಎಂದು ಬರೆದಿದ್ದೆ. ಅವು ಎಷ್ಟೋ ವರ್ಷಗಳ ಹಿಂದೆ ಹುಳು ಹೊರಟುಹೋದ ತೂತುಗಳು. ಅಂಚು ಕಪ್ಪಾಗಿತ್ತು, ಕೆಳಗೆ ಹೊಸ ಹಿಟ್ಟಿನಂಥ ಪುಡಿ ಬಿದ್ದಿರಲಿಲ್ಲ. ಮಾಲೀಕರು ಉತ್ತರವನ್ನೇ ಕೊಡದೆ ಇನ್ನೊಬ್ಬರಿಗೆ ಮಾರಿದರು, ಸರಿಯಾಗಿಯೇ ಮಾಡಿದರು. ಸಾಗವಾನಿಯ ತಿರುಳಿಗೆ ಹುಳು ಸುಲಭವಾಗಿ ಹತ್ತುವುದಿಲ್ಲ, ಹೊರಗಿನ ಬೆಳ್ಳಗಿನ ಭಾಗಕ್ಕೆ ಹತ್ತುತ್ತದೆ. ಆದ್ದರಿಂದ ಕಾಲಿನ ಒಂದು ಮೂಲೆಯ ತೂತು ಕಂಡು ಇಡೀ ಸೋಫಾವನ್ನು ತೀರ್ಮಾನಿಸಬಾರದು. ಇನ್ನು ಹೊಲಿಗೆಯ ಸಂದಿನಲ್ಲಿ ತಗಣಿಯ ಕಪ್ಪು ಚುಕ್ಕೆಗಳು ಕಂಡರೆ ಬೆಲೆಯನ್ನು ಕೇಳಲೇಬೇಡಿ, ಬೇಡವೆಂದು ಸೌಜನ್ಯದಿಂದ ಹೇಳಿಬಿಡಿ. ಆ ಉಪದ್ರವಕ್ಕೆ ಎಷ್ಟು ರೂಪಾಯಿ ಕಡಿಮೆ ಮಾಡಿಸಿದರೂ ಸಾಲದು.

ಈಗ ನಿಮ್ಮ ಸೋಫಾದ ಲೆಕ್ಕ ಮಾಡೋಣ. ಬೆಲ್ಟೂ ಜೋತಿದೆ, ಫೋಮೂ ಸತ್ತಿದೆ ಎಂದೇ ಹಿಡಿಯೋಣ, ಏಕೆಂದರೆ ಒಂಬತ್ತು ವರ್ಷದ ಸೋಫಾದಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಇರುತ್ತವೆ. ಫೋಮಿನ ಗುಣ ತಿಳಿಯಲು ತೂಕವೇ ಸಾಕು. ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುವುದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದನ್ನೇ. ಈ ಲೆಕ್ಕದಂತೆ 22 ಇಂಚು ಅಗಲ, 22 ಇಂಚು ಉದ್ದ, 4 ಇಂಚು ದಪ್ಪದ ಒಂದು ಸೀಟಿನ ಫೋಮು 32 ಡೆನ್ಸಿಟಿಯದಾಗಿದ್ದರೆ ಸುಮಾರು ಒಂದು ಕಿಲೋ ತೂಗುತ್ತದೆ, 40ರದಾಗಿದ್ದರೆ ಒಂದೂಕಾಲು ಕಿಲೋ. ಕವರಿನ ಜಿಪ್ ತೆಗೆದು ಫೋಮನ್ನು ಕೈಯಲ್ಲಿ ಹಿಡಿದಾಗ ಅದು ಆರುನೂರು ಗ್ರಾಂ ಆಸುಪಾಸಿನಲ್ಲಿದ್ದರೆ ಹಾಕಿದಾಗಲೇ ಅಗ್ಗದ ಫೋಮು ಹಾಕಿದ್ದಾರೆ ಎಂದರ್ಥ, ಮತ್ತು ಇಂದು ಪಕ್ಕದ ಸೀಟುಗಳು ಚೆನ್ನಾಗಿ ಕಂಡರೂ ಅವೂ ಬೇಗನೆ ನಡುವಿನದರ ದಾರಿ ಹಿಡಿಯುತ್ತವೆ. ಇದನ್ನು ಮಾರುವವರಿಗೆ ಬರೆಯಬೇಕಾಗಿಲ್ಲ. ಅವರೂ ಅಂಗಡಿಯವರ ಮಾತು ನಂಬಿ ಕೊಂಡವರೇ. ನೀವು ಕೊಡಬಹುದಾದ ಗರಿಷ್ಠ ಬೆಲೆ ಎಷ್ಟೆಂದು ನಿರ್ಧರಿಸಲು ಮಾತ್ರ ಇದು ಬೇಕು.

ನಿಮ್ಮ ಓಣಿಯ ಕುಶನ್ ಕೆಲಸದವರೊಬ್ಬರಿಗೆ ಫೋಟೋ ತೋರಿಸಿ ಅಂದಾಜು ಕೇಳಿ, ಅವರು ಹೇಳಿದ ಅಂಕಿಯನ್ನೇ ಹಾಕಿ. ಉದಾಹರಣೆಗೆ ನನ್ನ ಅಂಗಡಿಯ ದರ ಹಿಡಿದರೆ ಹೀಗಾಗುತ್ತದೆ: ಮೂರು ಸೀಟಿನ ಸೋಫಾಕ್ಕೆ ಹೊಸ ಬೆಲ್ಟು ಹಾಗೂ ಕೂಲಿ ಸೇರಿ 1,250 ರೂಪಾಯಿ; ಒಂದು ಸೀಟಿನ ಒಳ್ಳೆಯ ಫೋಮಿಗೆ 750ರಂತೆ ಮೂರಕ್ಕೆ 2,250; ಕಾಲು ಬಿಚ್ಚಿ ಅಂಟು ಹಾಕಿ ಮತ್ತೆ ಕೂರಿಸಲು 300. ಒಟ್ಟು 3,800 ರೂಪಾಯಿ. ಇದನ್ನು 18,000ದಲ್ಲಿ ಕಳೆದರೆ 14,200 ಉಳಿಯುತ್ತದೆ. ನೀವು ಬರೆಯಬೇಕೆಂದಿರುವ 14,000 ಇದಕ್ಕಿಂತ ಕೆಳಗಿದೆ, ಅಂದರೆ ಕೊನೆಯ ಇನ್ನೂರು ರೂಪಾಯಿಗೆ ನಿಮ್ಮ ಬಳಿ ಕಾರಣವಿಲ್ಲ. ಸಂದೇಶದಲ್ಲಿ 14,500 ಎಂದು ಬರೆಯಿರಿ. ಲೆಕ್ಕಕ್ಕಿಂತ ಮುನ್ನೂರು ರೂಪಾಯಿ ಅವರ ಕಡೆಗೇ ಬಿಟ್ಟಿರುವುದು ಅವರಿಗೆ ಕಾಣುತ್ತದೆ, ಆ ಮುನ್ನೂರು ಉಳಿದ ಅಂಕಿಗಳಿಗೆ ಸಾಕ್ಷಿ ಹೇಳುತ್ತದೆ.

ಹಾಗೆಂದು 14,500ಕ್ಕೇ ಪಟ್ಟು ಹಿಡಿಯುವುದು ನ್ಯಾಯವಲ್ಲ, ಇದನ್ನು ನಿಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೂರೂ ಫೋಮು ಬದಲಿಸುವುದು ಕೆಲಸದ ದೃಷ್ಟಿಯಿಂದ ಸರಿ, ಏಕೆಂದರೆ ಒಂದನ್ನೇ ಹೊಸದು ಹಾಕಿದರೆ ಆ ಸೀಟು ಉಬ್ಬಿ ಕೂರುತ್ತದೆ, ಉಳಿದೆರಡು ತಗ್ಗಾಗಿ ಕಾಣುತ್ತವೆ. ಆದರೆ ಪಕ್ಕದ ಎರಡು ಸೀಟುಗಳು ಇಂದಿಗೂ ಕೂರಲು ಬರುತ್ತವೆ. ಅಲ್ಲಿ ಹೊಸ ಫೋಮಿನ ಸುಖ ಮುಂದಿನ ವರ್ಷಗಳಲ್ಲಿ ನಿಮಗೆ ಸಿಗುವುದೇ ಹೊರತು ಅವರಿಗಲ್ಲ. ಆ ಎರಡರ 1,500 ರೂಪಾಯಿಯನ್ನು ನೀವು ಹೊರುವುದು ತಕ್ಕದ್ದು. ಆಗ ಅವರ ಪಾಲಿಗೆ ಬರುವುದು 2,300, ಬೆಲೆ 15,700. ಹೀಗೆ ನಿಮ್ಮ ಕೈಯಲ್ಲಿ ಎರಡು ಅಂಕಿಗಳಿರುತ್ತವೆ: ಬರೆಯುವುದು 14,500, ಒಪ್ಪಿಕೊಳ್ಳಬಹುದಾದದ್ದು 15,700. ಎರಡನೆಯದನ್ನು ಮನೆಯವರಿಗೆ ಹೇಳಿ, ಮಾಸ್ತರರಿಗೆ ಹೇಳಬೇಡಿ. ಪರೀಕ್ಷೆಯಲ್ಲಿ ಬೆಲ್ಟು ಗಟ್ಟಿಯಾಗಿದೆ, ಫೋಮು ಮಾತ್ರ ಸತ್ತಿದೆ ಎಂದು ಕಂಡರೆ 1,250ನ್ನು ಬಿಟ್ಟುಬಿಡಿ, ಬರೆಯುವ ಅಂಕಿ 15,500 ಆಗಬೇಕು. ಇಲ್ಲದ ದೋಷದ ಹೆಸರಿನಲ್ಲಿ ಕೇಳಿದ ರೂಪಾಯಿ ಉಳಿದ ನಿಜವಾದ ಕಾರಣಗಳ ಮೇಲೂ ಅನುಮಾನ ತರುತ್ತದೆ.

ಸಾಗಣೆಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಲು ಹೋಗಬೇಡಿ. ಗಾಡಿ, ಹಮಾಲಿ ಕೊಳ್ಳುವವರದೇ ಎಂಬುದು ಈ ವ್ಯವಹಾರದ ರೂಢಿ, ಅದು ಅವರಿಗೂ ಗೊತ್ತು. ಅದನ್ನು ಬೇರೆ ರೀತಿಯಲ್ಲಿ ಬಳಸಬಹುದು. ಮನೆ ಖಾಲಿ ಮಾಡುವ ವೃದ್ಧ ದಂಪತಿಗೆ ಸೋಫಾ ಮಾರುವುದಕ್ಕಿಂತ ದೊಡ್ಡ ಚಿಂತೆಯೊಂದಿರುತ್ತದೆ: ಬೇಗ ಮಾರಿದರೆ ಕೊನೆಯ ಹದಿನೈದು ದಿನ ತಾವೂ ಬಂದವರೂ ಕೂರುವುದೆಲ್ಲಿ, ತಡಮಾಡಿದರೆ ಕೊನೆಗೆ ಮಾರಾಟವಾಗದೆ ಉಳಿದರೆ ಏನು ಮಾಡುವುದು. ಈಗಲೇ ಮುಂಗಡ ಕೊಟ್ಟು, ಅವರು ಹೇಳಿದ ದಿನವೇ, ಬೇಕಾದರೆ ಹೊರಡುವ ದಿನದ ಬೆಳಿಗ್ಗೆಯೇ ಒಯ್ಯುತ್ತೇನೆ ಎಂದರೆ ಆ ಎರಡೂ ಚಿಂತೆ ಒಮ್ಮೆಗೇ ಹೋಗುತ್ತವೆ. ನಿಮಗೆ ಇದರಿಂದ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ನನ್ನ ಅನುಭವದಲ್ಲಿ ಸಾವಿರ ರೂಪಾಯಿ ಇಳಿಸಿದ ಮಾತುಗಳಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಸಂದೇಶವನ್ನು ಹೀಗೆ ಬರೆಯಬಹುದು:

"ಸರ್, ನಮಸ್ಕಾರ. ಇಂದು ಮುಂಜಾನೆ ಸೋಫಾ ನೋಡಲು ಮಹಾಂತೇಶ ನಗರದಿಂದ ಬಂದಿದ್ದೆ. ಎರಡನೆಯ ಸಲ ಬಂದರೂ ಬೇಸರಿಸದೆ ಪೂರ್ತಿಯಾಗಿ ತೋರಿಸಿದ್ದಕ್ಕೆ ಧನ್ಯವಾದಗಳು, ಅಮ್ಮನವರಿಗೂ ನನ್ನ ನಮಸ್ಕಾರ ತಿಳಿಸಿರಿ. ಕಟ್ಟಿಗೆ ಚೆನ್ನಾಗಿದೆ, ನಮ್ಮ ಮನೆಯವರಿಗೂ ಮನಸ್ಸಿಗೆ ಬಂದಿದೆ, ತೆಗೆದುಕೊಳ್ಳುವ ಇಚ್ಛೆ ಇದೆ. ನಾವು ಕುಶನ್ ಬದಲಿಸಿ ನೋಡಿದಾಗ ನಡುವಿನ ಸೀಟಿನ ಬೆಲ್ಟ್ ಸಡಿಲವಾಗಿರುವುದು ತಿಳಿಯಿತಲ್ಲ, ಅದನ್ನು ಕುಶನ್ ಕೆಲಸದವರ ಬಳಿ ವಿಚಾರಿಸಿದೆ. ಬೆಲ್ಟ್ ಮತ್ತು ಕೂಲಿಗೆ 1,250, ಸೀಟುಗಳು ಸಮನಾಗಿ ಕೂರಬೇಕಾದರೆ ಮೂರೂ ಫೋಮಿಗೆ 2,250, ಕಾಲಿನ ದುರಸ್ತಿಗೆ 300, ಒಟ್ಟು 3,800 ರೂಪಾಯಿ ಆಗುತ್ತದೆ ಎಂದರು. ಈ ಕಾರಣದಿಂದ 14,500 ರೂಪಾಯಿಗೆ ಕೊಡಲು ಸಾಧ್ಯವೇ ಎಂದು ಕೇಳಿಕೊಳ್ಳುತ್ತೇನೆ. ತಾವು ಒಪ್ಪಿದರೆ ಇಂದೇ 2,000 ರೂಪಾಯಿ ಮುಂಗಡ ಕೊಡುತ್ತೇನೆ. ಊರಿಗೆ ಹೊರಡುವವರೆಗೂ ಸೋಫಾ ತಮ್ಮಲ್ಲೇ ಇರಲಿ, ತಾವು ಹೇಳಿದ ದಿನ ನಾನೇ ಗಾಡಿ, ಆಳು ತಂದು ಒಯ್ಯುತ್ತೇನೆ. ವಿಚಾರ ಮಾಡಿ ತಿಳಿಸಿರಿ, ಅವಸರವೇನಿಲ್ಲ."

ಇದರಲ್ಲಿ ಕೆಲವು ಮಾತುಗಳನ್ನು ಬೇಕೆಂದೇ ಹಾಗೆ ಇಟ್ಟಿದ್ದೇನೆ. ಹೊಗಳಿಕೆ ಒಂದೇ ಇದೆ, ಅದೂ ಕಟ್ಟಿಗೆಯದು, ಏಕೆಂದರೆ ಅದು ನಿಜ. ಎಲ್ಲವನ್ನೂ ಹೊಗಳಿ ಆಮೇಲೆ ಬೆಲೆ ಇಳಿಸಲು ಕೇಳಿದರೆ ಹೊಗಳಿದ್ದು ಸುಳ್ಳೆನಿಸುತ್ತದೆ. ಅಥವಾ ಇಷ್ಟು ಚೆನ್ನಾಗಿದ್ದರೆ ಬೆಲೆ ಏಕೆ ಇಳಿಸಲಿ ಎಂದು ಅವರು ಕೇಳಿದರೆ ಉತ್ತರವಿರುವುದಿಲ್ಲ. ಬೆಲ್ಟ್ ಸಡಿಲವಾಗಿದೆ ಎಂಬಲ್ಲಿ "ನಾವು ನೋಡಿದಾಗ" ಎಂದಿದೆ, "ನಿಮ್ಮ ಸೋಫಾ ಹಾಳಾಗಿದೆ" ಎಂದಿಲ್ಲ. ಮನೆಯ ಸಾಮಾನನ್ನು ಹಾಳು ಎಂದರೆ ಮನೆ ಇಟ್ಟುಕೊಂಡವರನ್ನು ಅಂದಂತೆ, ಅದರಲ್ಲೂ ನಮ್ಮ ಕಡೆ. "ಹೊಸದೇ ಇಪ್ಪತ್ತೆರಡು ಸಾವಿರಕ್ಕೆ ಸಿಗುತ್ತದೆ" ಎಂಬ ಮಾತು ಎಲ್ಲಿಯೂ ಇಲ್ಲ. ಆ ಬೆಲೆಗೆ ಸಿಗುವುದು ಸಾಗವಾನಿಯದಲ್ಲ ಎಂದು ಮಾಸ್ತರರಿಗೆ ಗೊತ್ತು, ಹಾಗಾದರೆ ಅದನ್ನೇ ಕೊಂಡುಕೊಳ್ಳಿ ಎಂದುಬಿಡುತ್ತಾರೆ. "ಹೇಗೂ ಊರು ಬಿಡುತ್ತೀರಲ್ಲ" ಎಂಬ ಧ್ವನಿಯೂ ಬರಬಾರದು. ಅವರ ಅವಸರಕ್ಕೆ ನೀವು ಅನುಕೂಲ ಮಾಡಿಕೊಡುತ್ತಿದ್ದೀರಿ, ಅದನ್ನು ಅಸ್ತ್ರವಾಗಿ ಬಳಸುತ್ತಿಲ್ಲ.

ಅಂಕಿ ಒಂದೇ ಇರಲಿ. "14,500 ಅಥವಾ 15,000" ಎಂದು ಬರೆದರೆ ಓದುವವರ ಕಣ್ಣಿಗೆ ಕಾಣುವುದು 15,000 ಮಾತ್ರ. "ಲಾಸ್ಟ್ ರೇಟ್ ಎಷ್ಟು ಸರ್" ಎಂಬ ಒಂದು ಸಾಲಿನ ಸಂದೇಶವನ್ನಂತೂ ಕಳಿಸಲೇಬೇಡಿ, ಅದಕ್ಕೆ ಬರುವ ಉತ್ತರ ಯಾವಾಗಲೂ ಮೊದಲಿನ ಬೆಲೆಯೇ. ದೋಷದ ಜಾಗಕ್ಕೆ ಕೆಂಪು ಗೆರೆ ಸುತ್ತಿದ ಫೋಟೋಗಳನ್ನೂ ಕಳಿಸಬೇಡಿ. ನೋಡಿದವರಿಗೆ ಅದು ತಪ್ಪು ತಿದ್ದಿದ ಉತ್ತರಪತ್ರಿಕೆಯಂತೆ ಕಾಣುತ್ತದೆ, ಮತ್ತು ನೀವು ಬರೆಯುತ್ತಿರುವುದು ಜೀವನವಿಡೀ ಕೆಂಪು ಶಾಯಿ ಹಿಡಿದವರಿಗೆ. ನೋಡಿ ಬಂದ ದಿನವೇ, ಸಂಜೆ ಆರರಿಂದ ಎಂಟರೊಳಗೆ ಕಳಿಸಿ. ಎರಡು ದಿನ ಬಿಟ್ಟರೆ ಕುಶನ್ ಅದಲುಬದಲು ಮಾಡಿದ ನೆನಪು ಮಾಸುತ್ತದೆ.

"17,000ಕ್ಕಿಂತ ಕಡಿಮಿ ಆಗಂಗಿಲ್ಲ ಬಿಡ್ರಿ" ಎಂದು ಉತ್ತರ ಬಂದರೆ ಅದು ಬಾಗಿಲು ಹಾಕಿದ್ದಲ್ಲ, ಸಾವಿರ ರೂಪಾಯಿ ಈಗಾಗಲೇ ಇಳಿದಿದೆ. ಆಗ ಕಾರಣಗಳನ್ನು ಮತ್ತೆ ಬರೆಯಬೇಡಿ, ಅವರು ಓದಿಯೇ ಉತ್ತರಿಸಿದ್ದಾರೆ. "ಸರ್, ತಮ್ಮ ಮಾತಿಗೆ ಗೌರವ ಕೊಟ್ಟು ನಾನು 15,500ಕ್ಕೆ ಬರುತ್ತೇನೆ, ಮುಂಗಡ ಮತ್ತು ದಿನದ ಮಾತು ಮೊದಲು ಹೇಳಿದಂತೆಯೇ ಇರಲಿ" ಎಂದು ಎರಡು ಸಾಲು ಸಾಕು. ಅವರು 16,000ಕ್ಕೆ ಬಂದು ನಿಂತರೆ ನಿಮ್ಮ ಮಿತಿಯನ್ನು ಮುನ್ನೂರು ರೂಪಾಯಿ ದಾಟುತ್ತದೆ. ಆ ಜಾಗದಲ್ಲಿ ಹಣ ಬಿಟ್ಟು ವಸ್ತು ಕೇಳಿ. ಸೋಫಾದ ಮುಂದೆ ಒಂದು ಟೀಪಾಯಿ ಇದ್ದೇ ಇರುತ್ತದೆ, ಅದನ್ನು ಊರಿಗೆ ಒಯ್ಯುವ ವಿಚಾರ ಅವರಿಗಿಲ್ಲದಿದ್ದರೆ ಸೇರಿಸಿ ಕೊಡುವುದು ಅವರಿಗೂ ಹಗುರ. ಅದೂ ಆಗದಿದ್ದರೆ ಕೊಳ್ಳುವುದೋ ಬಿಡುವುದೋ ನಿಮ್ಮ ಇಷ್ಟ, ಆದರೆ ಮೂರನೆಯ ಸಲ ಅಂಕಿ ಬದಲಿಸಬೇಡಿ.

ಮುಂಗಡವನ್ನು ಅವರ ಮನೆಗೇ ಹೋಗಿ ಕೊಡಿ, ಇಲ್ಲವೇ ಅವರು ತಮ್ಮ ಕೈಯಿಂದ ಕೊಟ್ಟ ನಂಬರಿಗೇ ಹಾಕಿ, ಮತ್ತು "ಒಟ್ಟು ಇಷ್ಟು, ಮುಂಗಡ 2,000, ಬಾಕಿ ಇಷ್ಟು, ಒಯ್ಯುವ ದಿನ ಇಂಥದ್ದು, ಮೂರು ಸೀಟಿನದು ಒಂದು, ಒಂಟಿ ಎರಡು, ಕುಶನ್ ಇಷ್ಟು" ಎಂದು ಅದೇ ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಅವರಿಂದ "ಸರಿ" ಎನಿಸಿಕೊಳ್ಳಿ. ಗಾಡಿ ತಂದು ಸೋಫಾ ಒಯ್ಯುವ ದಿನ ಒಂದು ಸ್ಪ್ಯಾನರ್ ಜೊತೆಗಿರಲಿ. ಅಲುಗಾಡುವ ಆ ಕಾಲನ್ನು ಹಮಾಲರು ಕೈಹಾಕುವ ಮೊದಲೇ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಿ. ಹಾಗೆಯೇ ಇಟ್ಟು ಮೆಟ್ಟಿಲು ಇಳಿಸಿದರೆ ಗೋಡೆಗೆ ತಾಗಿ ಕಟ್ಟಿಗೆಯ ಕೂಡೇ ಸೀಳಿ ಬರುತ್ತದೆ, ಮುನ್ನೂರರ ಕೆಲಸ ಎರಡು ಸಾವಿರದ್ದಾಗುತ್ತದೆ, ಆ ಹೊತ್ತಿಗೆ ಸೋಫಾ ನಿಮ್ಮದಾಗಿರುತ್ತದೆ.